ರಜೆ ನೋಟಿಸ್‌ನಲ್ಲಿ ತಾರೀಖು ಮಾತ್ರ ನೋಡಿ ಆರ್ಡರ್ ಕೊಡಬೇಡಿ

ಕುರುಕಲು ತಿಂಡಿ ಮಾಡಿ ಮಾರುವವರು, ಹಬ್ಬದ ಆರ್ಡರ್ ಹಿಡಿಯುವವರು ಇದನ್ನು ಓದಿಕೊಳ್ಳಿ.

2025ರ ದೀಪಾವಳಿಗೆ ಮುಂಚೆ, ನಮಗೆ ಪ್ರಿಂಟ್ ಮಾಡಿದ ಡಬ್ಬ ಕೊಡುವ ಪೀಣ್ಯದ ಒಬ್ಬರಿಂದ ವಾಟ್ಸಾಪ್‌ಗೆ ನೋಟಿಸ್ ಬಂತು. "ಅಕ್ಟೋಬರ್ 20ರಿಂದ 22ರವರೆಗೆ ರಜೆ. ಡೆಲಿವರಿ ಸ್ವಲ್ಪ ತಡವಾಗಬಹುದು. ತುರ್ತಿದ್ದರೆ ಈ ನಂಬರ್‌ಗೆ ಕರೆ ಮಾಡಿ." ಮೇಲೊಂದು ದೀಪದ ಚಿತ್ರ. ಅಷ್ಟೇ.

20 ನರಕ ಚತುರ್ದಶಿ, 22 ಬಲಿಪಾಡ್ಯಮಿ. ಗುರುವಾರ 23ಕ್ಕೆ ಬಾಗಿಲು ತೆಗೆದರೆ, ಶುಕ್ರವಾರ ನಾವು ಒಂದು ಆಫೀಸಿಗೆ ಕೊಡಬೇಕಿದ್ದ ಚಕ್ಕುಲಿ-ಕೋಡುಬಳೆಗೆ ಡಬ್ಬ ಸಿಗಬೇಕು ಅಲ್ವಾ? ಅವರೂ ಹಾಗೇ ಹೇಳಿದ್ದರು. 17ರ ಸಂಜೆ ಆರ್ಡರ್ ತೆಗೆದುಕೊಂಡು, ಮುಂಗಡವನ್ನೂ ಹಾಕಿಸಿಕೊಂಡರು.

ಆಮೇಲೆ ತಿಳಿದದ್ದು ಇಷ್ಟು. ಆ ತಾರೀಖು ಆಫೀಸಿನ ರಜೆಯದ್ದು. ಮಷಿನ್ ನಡೆಸುವ ಹುಡುಗರು 17ರ ಶುಕ್ರವಾರ ರಾತ್ರಿಯೇ ಬಸ್ ಹತ್ತಿದ್ದರು, ಅವರು ವಾಪಸ್ ಬರುವುದು 27ರ ಸೋಮವಾರ. ಗುರುವಾರ ಆಫೀಸು ತೆರೆದಿತ್ತು ನಿಜ, ಫೋನ್ ಎತ್ತುವವರೂ ಇದ್ದರು. ಡಬ್ಬ ಮಾತ್ರ ಇನ್ನೂ ಪ್ರಿಂಟ್ ಆಗಿರಲಿಲ್ಲ.

ತುರ್ತು ನಂಬರಿನ ಕಥೆ ಇನ್ನೂ ಚೆನ್ನಾಗಿದೆ. ಹಬ್ಬದ ದಿನವೇ ಕರೆ ಮಾಡಿದ್ದೆ, ಎತ್ತಿದ್ದು ವಾಚ್‌ಮನ್. "ಗೋಡೌನ್ ಕೀ ನನ್ನ ಹತ್ರ ಇಲ್ಲ ಮೇಡಂ, ಸಾರ್ ಊರಿಗೆ ಹೋಗಿದ್ದಾರೆ" ಎಂದರು. ಪಾಪ, ಅವರನ್ನು ಬೈದು ಏನು ಪ್ರಯೋಜನ? ಪ್ರಿಂಟ್ ಇಲ್ಲದ ಸಾದಾ ಡಬ್ಬ ಒಳಗೆ ರಾಶಿ ಬಿದ್ದಿತ್ತಂತೆ, ತೆಗೆದುಕೊಡುವ ಅಧಿಕಾರ ಇದ್ದವರು ಯಾರೂ ಇರಲಿಲ್ಲ. ಕೊನೆಗೆ ಚಿಕ್ಕಪೇಟೆ ಕಡೆ ಅಲೆದು ಜಾಸ್ತಿ ದುಡ್ಡಿಗೆ ಸಾದಾ ಡಬ್ಬ ತಂದು, ಕೈಯಲ್ಲೇ ಸ್ಟಿಕ್ಕರ್ ಅಂಟಿಸಿದೆವು. ಮುಂಗಡ ವಾಪಸ್ ಕೇಳಿದರೆ ಸಿಕ್ಕ ಉತ್ತರ, "ತಡವಾಗಬಹುದು ಅಂತ ನೋಟಿಸ್‌ನಲ್ಲಿ ಹಾಕಿದ್ವಲ್ಲ!"

ಆ "ಸ್ವಲ್ಪ ತಡ" ಅನ್ನುವುದೇ ಎಡವಟ್ಟು. ಎಷ್ಟು ದಿನ ಎಂದು ಬರೆಯದಿದ್ದರೆ ಅದು ಅವರ ಬಚಾವಿಗೆ ಹಾಕಿದ ಮಾತು.

ನಮಗೆ ಎಣ್ಣೆ ಹಾಕುವವರ ನೋಟಿಸ್ ಬೇರೆ ಥರ ಇರುತ್ತದೆ. ಇಂಥ ದಿನ ಮಧ್ಯಾಹ್ನದೊಳಗೆ ಬಂದ ಆರ್ಡರ್ ಹಬ್ಬಕ್ಕೆ ಮುಂಚೆ ತಲುಪುತ್ತದೆ, ಆಮೇಲೆ ಬಂದದ್ದು ಇಂಥ ದಿನದಿಂದ ಗಾಡಿಗೆ ಹತ್ತುತ್ತದೆ ಎಂದು ಬರೆದಿರುತ್ತಾರೆ. ತುರ್ತು ನಂಬರಿನ ಪಕ್ಕ ಯಾರ ಫೋನು, ಎಷ್ಟು ಗಂಟೆಯವರೆಗೆ, ಯಾವ ಕೆಲಸಕ್ಕೆ ಎಂದೂ ಇರುತ್ತದೆ. ಸೋರುವ ಡಬ್ಬ ಬದಲಾಯಿಸಿಕೊಡುತ್ತಾರೆ, ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಓದಿದರೆ ಸಾಕು, ನಮ್ಮ ಲೆಕ್ಕ ನಾವು ಹಾಕಿಕೊಳ್ಳಬಹುದು.

ಬರೀ ರಜೆ ತಾರೀಖಿನ ನೋಟಿಸ್ ಬಂದರೆ ಮುಂಗಡ ಹಾಕುವ ಮೊದಲೇ ಮೆಸೇಜ್ ಮಾಡಿ ಕೇಳಿ: ನನ್ನ ಮಾಲು ಯಾವ ದಿನ ಗಾಡಿ ಹತ್ತುತ್ತದೆ, ಗೋಡೌನ್ ಕೀ ಯಾರ ಹತ್ತಿರ ಇರುತ್ತದೆ? ಉತ್ತರ ಬರವಣಿಗೆಯಲ್ಲೇ ಇರಲಿ. ಆ ತುರ್ತು ನಂಬರಿಗೂ ರಜೆಗೆ ಮುಂಚೆಯೇ ಒಂದು ಕರೆ ಮಾಡಿ, ಯಾರು ಎತ್ತುತ್ತಾರೆ ನೋಡಿ.