ಎನಾಮೆಲ್ ಡಯಲ್ ಅಂತ ದುಡ್ಡು ಕೊಡೋ ಮುಂಚೆ ಅದರ ಬೆನ್ನು ನೋಡಿ

ಗಿಯೋಶೆ ಎಂಬ ಸಾಲುಗೆರೆಗಳ ಕೆತ್ತನೆಯ ಮೇಲೆ ನೀಲಿ ಎನಾಮೆಲ್ ಇರುವ ಹಳೆಯ ಕೈಗಡಿಯಾರ ಕೊಳ್ಳುವವರು ದಯವಿಟ್ಟು ಇದನ್ನು ಓದಿ. ‘ಕೈಯಲ್ಲಿ ಕೆತ್ತಿದ್ದು, ಕುಲುಮೆಯಲ್ಲಿ ಸುಟ್ಟ ಎನಾಮೆಲ್’ ಎಂದು ಹೇಳಿ ಒಬ್ಬ ಮಾರಾಟಗಾರ ಅದಕ್ಕೆ ತಕ್ಕ ಬೆಲೆಯನ್ನೇ ನನ್ನಿಂದ ಕಿತ್ತುಕೊಂಡ. ಎರಡೂ ಸುಳ್ಳು.

ಅಸಲಿ ಕೆಲಸ ನಡೆಯುವುದು ಹೀಗೆ. ಬೆಳ್ಳಿ ಅಥವಾ ಚಿನ್ನದ ತಟ್ಟೆಯನ್ನು ರೋಸ್ ಎಂಜಿನ್ ಎಂಬ ಕೆತ್ತನೆ ಯಂತ್ರಕ್ಕೆ ಕೂರಿಸುತ್ತಾರೆ. ಕುಶಲಕರ್ಮಿಯ ಒಂದು ಕೈ ಹಿಡಿಕೆ ತಿರುಗಿಸುತ್ತದೆ, ಇನ್ನೊಂದು ಕೈ ಉಳಿಯ ಒತ್ತಡ ನೋಡಿಕೊಳ್ಳುತ್ತದೆ. ಗೆರೆಗಳನ್ನು ಒಂದೊಂದಾಗಿ ಕೊರೆಯಬೇಕು, ಕೊನೆಯ ಗೆರೆಯಲ್ಲಿ ಉಳಿ ಜಾರಿದರೂ ತಟ್ಟೆ ಹಾಳು. ಆಮೇಲೆ ಪಾರದರ್ಶಕ ಗಾಜಿನ ಒದ್ದೆ ಪುಡಿಯನ್ನು ತೆಳುವಾಗಿ ಹರಡಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಆರಿದ ಮೇಲೆ ಮತ್ತೊಂದು ಪದರ, ಮತ್ತೆ ಕುಲುಮೆ. ಲೋಹ ಮತ್ತು ಗಾಜು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಮುಂಬದಿಗೆ ಮಾತ್ರ ಗಾಜು ಹಚ್ಚಿದರೆ ತಟ್ಟೆ ಬಾಗಿ ಗಾಜು ಸೀಳುತ್ತದೆ, ಅದಕ್ಕೇ ಬೆನ್ನಿಗೂ ಎನಾಮೆಲ್ ಹಚ್ಚುವುದು. ಕೊನೆಯ ಸುಡುವಿಕೆಯಲ್ಲಿ ಒಂದು ಗುಳ್ಳೆ ಎದ್ದರೂ ಸಾಕು, ಅಡಿಯಲ್ಲಿರುವ ಅಷ್ಟೂ ಕೆತ್ತನೆ ಅದರ ಜೊತೆಗೇ ಹೋಗುತ್ತದೆ. ಬೆಲೆ ಏರುವುದು ಇಲ್ಲಿ. ಕೆಟ್ಟ ಡಯಲ್‌ಗಳ ಖರ್ಚನ್ನೂ ಒಳ್ಳೆಯ ಡಯಲ್ಲೇ ಹೊರಬೇಕು.

ನನ್ನ ಗಡಿಯಾರವನ್ನು ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ನೋಡಿದಾಗ ಗೆರೆಗಳ ಏಣು ದುಂಡಗಿತ್ತು. ಉಳಿ ಕೊರೆದ ಗೆರೆಯಲ್ಲಿ ಏಣು ಚೂಪಾಗಿರುತ್ತದೆ, ಇಳಿಜಾರು ಕನ್ನಡಿಯ ಹಾಗೆ ಹೊಳೆಯುತ್ತದೆ, ಗಡಿಯಾರ ವಾಲಿಸಿದರೆ ಬೆಳಕು ಗೆರೆಯಿಂದ ಗೆರೆಗೆ ಹಾರುತ್ತದೆ. ನನ್ನದರಲ್ಲಿ ಎಲ್ಲೆಡೆ ಒಂದೇ ಮಂಕು ಮಿನುಗು, ಅಚ್ಚಿನಲ್ಲಿ ಒತ್ತಿದ್ದು. ರಿಪೇರಿಯವರು ಡಯಲ್ ಬಿಚ್ಚಿದಾಗ ಬೆನ್ನಿನಲ್ಲಿ ಬರೀ ಹಿತ್ತಾಳೆ. ಕುಲುಮೆಯ ಶಾಖಕ್ಕೆ ಹಿತ್ತಾಳೆಯ ಸತುವು ಆವಿಯಾಗಿ ಗಾಜಿನಲ್ಲಿ ಗುಳ್ಳೆ ಎಬ್ಬಿಸುತ್ತದೆ, ಹಾಗಾಗಿ ಈ ಕೆಲಸಕ್ಕೆ ಸಾಮಾನ್ಯವಾಗಿ ಅದನ್ನು ಆರಿಸುವುದಿಲ್ಲ. ಕೇಸಿನೊಳಗೆ ಮುಚ್ಚಿಹೋಗುವ ಅಂಚಿನಲ್ಲಿ ಅವರು ಸೂಜಿಮೊನೆ ಒತ್ತಿದರು. ಒತ್ತಿದಲ್ಲಿ ತಗ್ಗು ಬಿತ್ತು. ಗಾಜು ಹಾಗೆ ತಗ್ಗುವುದಿಲ್ಲ. ಅದು ಬಣ್ಣ ಬೆರೆಸಿದ ರೆಸಿನ್, ‘ಕೋಲ್ಡ್ ಎನಾಮೆಲ್’ ಎನ್ನುತ್ತಾರಲ್ಲ, ಅದೇ. ರೆಸಿನ್ ಡಯಲ್ ಮಾಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ, ಕುಲುಮೆಯ ಬೆಲೆಗೆ ಮಾರುವುದು ಮೋಸ.

ಇನ್ನೊಂದು ಮಾತು. ಬೆನ್ನಿಗೆ ಎನಾಮೆಲ್ ಇದ್ದ ಮಾತ್ರಕ್ಕೆ ಕೆತ್ತನೆಯೂ ಅಸಲಿ ಎಂದುಕೊಳ್ಳಬೇಡಿ. ಅಚ್ಚೊತ್ತಿದ ತಟ್ಟೆಯ ಮೇಲೂ ನಿಜವಾದ ಎನಾಮೆಲ್ ಸುಡುತ್ತಾರೆ. ಎರಡನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು. ಒಳಗಿನ ಯಂತ್ರ ಕಾಣುವಂತೆ ಕತ್ತರಿಸಿ ತೆರೆದ ಸ್ಕೆಲಿಟನ್ ಡಯಲ್ ಆದರೆ ಒಳಮೂಲೆಗಳನ್ನು ನೋಡಿ. ತಿರುಗುವ ಯಂತ್ರದ ಕಟ್ಟರ್ ಅಲ್ಲಿ ದುಂಡು ಬಿಡುತ್ತದೆ, ಚೂಪು ಮೂಲೆ ಬರಬೇಕಾದರೆ ಸಾಮಾನ್ಯವಾಗಿ ಅರ ಹಿಡಿದ ಕೈ ಬೇಕು.

ದುಡ್ಡು ವಾಪಸ್ ಕೇಳಿದರೆ ಮಾರಾಟಗಾರ ಬಿಲ್ ತೋರಿಸಿದ. ಅದರಲ್ಲಿದ್ದದ್ದು ‘ಎನಾಮೆಲ್ ಫಿನಿಶ್’ ಅಷ್ಟೇ. ನೀವು ಕೊಳ್ಳುವಾಗ ತಟ್ಟೆಯ ಲೋಹ ಯಾವುದು, ಎನಾಮೆಲ್ ಕುಲುಮೆಯದೋ ಅಲ್ಲವೋ, ಗಿಯೋಶೆ ಕೊರೆದದ್ದೋ ಒತ್ತಿದ್ದೋ, ಈ ಮೂರನ್ನೂ ಬಿಲ್‌ನಲ್ಲೇ ಬರೆಸಿ. ಡಯಲ್ ಬೆನ್ನಿನ ಫೋಟೋ ಕೊಡಲು ಒಪ್ಪದವರ ಹತ್ತಿರ ಕೊಳ್ಳಲೇಬೇಡಿ.