ಒಂದೇ ಇಲಿ ಜ್ವರದ ಕೇಸು, ಮೂರು ರೀತಿ ಸಾರಾಂಶ: ಯಾವುದು ನಿಂತಿತು?

ಜುಲೈ ಮಳೆಯಲ್ಲಿ ವಿರಾಜಪೇಟೆ ಕಡೆಯ ಕಾಫಿ ತೋಟದಿಂದ ಒಬ್ಬರು ನಮ್ಮ ವಾರ್ಡಿಗೆ ಬಂದರು. ವಯಸ್ಸು 42, ಆರು ದಿನದಿಂದ ಜ್ವರ. ರೌಂಡ್ಸಲ್ಲಿ ಈ ಕೇಸಿನ ಮೇಲೆ ಮುಕ್ಕಾಲು ಗಂಟೆ ಚರ್ಚೆ ಆಯ್ತು, ಅದನ್ನ ವಾರದ ಮೀಟಿಂಗಿಗೆ ಐದು ನಿಮಿಷಕ್ಕೆ ಇಳಿಸುವ ಕೆಲಸ ನನ್ನ ತಲೆಗೆ ಬಂತು. ಮೂರು ರೀತಿ ಬರೆದು, ಮೂರನ್ನೂ ಬೇರೆ ಬೇರೆಯವರ ಮುಂದೆ ಹೇಳಿ ನೋಡಿದೆ.

ಮೊದಲನೆಯದು ಕೇಸ್ ಶೀಟಿನ ಕ್ರಮ. ದೂರು, ಹಿಸ್ಟರಿ, ಹಳೆಯ ಕಾಯಿಲೆ, ಮನೆಯವರ ವಿಷಯ, ಪರೀಕ್ಷೆ, ಲ್ಯಾಬ್, ಎಲ್ಲಾ ಬರೆದ ಹಾಗೇ. ಏನೂ ಬಿಟ್ಟುಹೋಗಲ್ಲ ಅನ್ನೋದೇ ಇದರ ಲಾಭ. ಆದರೆ ನಾಲ್ಕನೇ ನಿಮಿಷಕ್ಕೆ ನಾನಿನ್ನೂ ಹೊಟ್ಟೆ ಪರೀಕ್ಷೆಯಲ್ಲೇ ಇದ್ದೆ. ಕೇಳ್ತಾ ಇದ್ದ ಗೆಳೆಯ ಮಧ್ಯದಲ್ಲೇ "ಮಾರಾಯ, ಏನಂತ ಅನ್ಕೊಂಡಿದ್ದೀಯ ಅದನ್ನ ಹೇಳು" ಅಂದ.

ಎರಡನೆಯದು SOAP. ರೋಗಿ ಹೇಳಿದ್ದು, ನಾವು ಕಂಡಿದ್ದು, ನಮ್ಮ ಅಂದಾಜು, ಪ್ಲಾನ್. ದಿನದ ಪ್ರೋಗ್ರೆಸ್ ನೋಟಿಗೆ ಇದು ಚೆನ್ನ. ಇಲ್ಲಿ ಮಾತ್ರ ಎಡವಿತು, ಯಾಕಂದ್ರೆ "ಚರಂಡಿಯಲ್ಲಿ ಬರಿಗಾಲಲ್ಲಿ ಕೆಲಸ, ಕಾಲಲ್ಲಿ ಜಿಗಣೆ ಕಡಿದ ಗಾಯ" ಅನ್ನೋದು ಮೊದಲ ಸ್ಲೈಡಲ್ಲಿ, ಅದಕ್ಕೆ ಅರ್ಥ ಕೊಡೋ ಕಾಮಾಲೆ ಎರಡನೆಯದರಲ್ಲಿ. ಎರಡನ್ನೂ ಜೋಡಿಸೋ ಕೆಲಸ ಕೇಳುವವರ ಮೇಲೆ ಬಿತ್ತು.

ಮೂರನೆಯದರಲ್ಲಿ ಇಡೀ ಕೇಸನ್ನ ಮೊದಲು ಒಂದೇ ವಾಕ್ಯಕ್ಕೆ ತಂದೆ: "ಮಳೆಗಾಲದಲ್ಲಿ ಚರಂಡಿ ಕೆಲಸ ಮಾಡಿದ 42 ವರ್ಷದ ಗಂಡಸು, ಆರು ದಿನದ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು, ಈಗ ಕಾಮಾಲೆ ಜೊತೆಗೆ ಕಿಡ್ನಿ ಕೆಟ್ಟಿದೆ." ಆಮೇಲೆ ಬರೋ ಪ್ರತಿ ಫೈಂಡಿಂಗ್ ಈ ವಾಕ್ಯಕ್ಕೆ ಪರವೋ ವಿರುದ್ಧವೋ ಆಗಿರಬೇಕು, ಇಲ್ಲಾಂದ್ರೆ ಹೊರಗೆ.

ಲಾಭ ಕಂಡಿದ್ದು ಡಿಫರೆನ್ಷಿಯಲ್‌ನಲ್ಲಿ, ಅಂದ್ರೆ ಇರಬಹುದಾದ ಕಾಯಿಲೆಗಳ ಪಟ್ಟಿಯಲ್ಲಿ. ಮೊದಲ ರೀತಿಯಲ್ಲಿ ಸುಮ್ನೆ ಐದು ಹೆಸರು ಸಾಲಾಗಿ ಹಾಕಿದ್ದೆ. ಇಲ್ಲಿ ಪ್ರತಿ ಹೆಸರಿನ ಪಕ್ಕ ಕಾರಣ ಬರೆಯಲೇಬೇಕಾಯ್ತು. ಬಿಲಿರುಬಿನ್ 9.6 ಇದ್ದರೂ ಎಎಲ್‌ಟಿ ಬರೀ 96. ವೈರಲ್ ಹೆಪಟೈಟಿಸ್ ಈ ಹಂತದಲ್ಲಿ ಇದ್ದಿದ್ದರೆ ಅದು ಸಾಮಾನ್ಯವಾಗಿ ನೂರಾರು, ಸಾವಿರಕ್ಕೆ ಹೋಗಿರುತ್ತಿತ್ತು. ಪ್ಲೇಟ್ಲೆಟ್ 58,000 ಅಂದ ಕೂಡಲೇ ಎಲ್ಲರಿಗೂ ಡೆಂಗಿ ನೆನಪಾಗುತ್ತೆ. ಆದರೆ ಬಿಳಿ ಕಣ 14,200 ಇತ್ತು, ಡೆಂಗಿಯಲ್ಲಿ ಸಾಮಾನ್ಯವಾಗಿ ಕಡಿಮೆ ಆಗುತ್ತೆ. ಮಲೇರಿಯಾಕ್ಕೆ ಒಂದು ಸ್ಮಿಯರ್ ನೆಗೆಟಿವ್ ಸಾಲದು, ಮತ್ತೆ ಕಳಿಸಿದ್ವಿ. ಸ್ಕ್ರಬ್ ಟೈಫಸ್ ಮಾತ್ರ ಪೂರ್ತಿ ತೆಗೆಯೋಕೆ ಆಗಲಿಲ್ಲ. ಕಂಕುಳು, ತೊಡೆಸಂದಿ ಎಲ್ಲಾ ಹುಡುಕಿದ್ರೂ ಕಪ್ಪು ಹೆಕ್ಕಳೆ ಸಿಗಲಿಲ್ಲ ನಿಜ, ಆದರೆ ಅದು ಎಲ್ಲರಲ್ಲೂ ಕಾಣಲ್ಲ.

ಇಲಿ ಜ್ವರದ್ದೇ ಆಂಟಿಬಾಡಿ ಪರೀಕ್ಷೆ, ಲೆಪ್ಟೊ ಐಜಿಎಂ, ನೆಗೆಟಿವ್ ಬಂದಿತ್ತು. ಮೊದಲ ರೀತಿಯಲ್ಲಿ ಇದು ಲ್ಯಾಬ್ ಪಟ್ಟಿಯಲ್ಲಿ ಹನ್ನೊಂದನೇ ಸಾಲು, ಯಾರೂ ಗಮನಿಸಲಿಲ್ಲ. ಮೂರನೆಯದರಲ್ಲಿ ಅದು "ವಿರುದ್ಧ" ಕಾಲಮ್ಮಿನಲ್ಲಿ ಎದ್ದು ಕಂಡಿತು, ಹಾಗಾಗಿ ಉತ್ತರ ನಾನೇ ಬರೆಯಬೇಕಾಯ್ತು: ಮೊದಲ ವಾರದಲ್ಲಿ ಆಂಟಿಬಾಡಿ ಇನ್ನೂ ಬಂದಿರದೇ ಇರಬಹುದು, ಹಾಗಾಗಿ ಚಿಕಿತ್ಸೆ ನಿಲ್ಲಿಸಲ್ಲ, ನಾಲ್ಕೈದು ದಿನ ಬಿಟ್ಟು ಮತ್ತೆ ರಕ್ತ ಕಳಿಸ್ತೀವಿ.

ಪ್ಲಾನ್ ಕೂಡ ಹಾಗೇ ಬದಲಾಯ್ತು. "ಆಂಟಿಬಯಾಟಿಕ್, ಫ್ಲೂಯಿಡ್, ಮಾನಿಟರ್" ಅಂತ ಬರೆದಿದ್ದನ್ನ ಅಳಿಸಿದೆ. ಸೆಫ್ಟ್ರಿಯಾಕ್ಸೋನ್ 1 ಗ್ರಾಂ ದಿನಕ್ಕೊಮ್ಮೆ ಐವಿ, 7 ದಿನ, ಸ್ಕ್ರಬ್‌ಗಾಗಿ ಜೊತೆಗೆ ಡಾಕ್ಸಿಸೈಕ್ಲಿನ್ 100 ಮಿಗ್ರಾಂ ದಿನಕ್ಕೆರಡು ಸಲ. ಮೂತ್ರ ಗಂಟೆಗೊಮ್ಮೆ ಅಳೆಯೋದು. ಕ್ರಿಯಾಟಿನಿನ್ 3.1 ಇಂದ ಏರ್ತಾ ಹೋಗಿ ಮೂತ್ರ ನಿಂತರೆ, ಪೊಟ್ಯಾಸಿಯಂ ಔಷಧಿಗೆ ಬಗ್ಗದಿದ್ದರೆ ಡಯಾಲಿಸಿಸ್. ಕೆಮ್ಮಲ್ಲಿ ರಕ್ತ, ಉಸಿರು ಕಷ್ಟ ಆದರೆ ಶ್ವಾಸಕೋಶದ ರಕ್ತಸ್ರಾವ ಅಂತ ತಿಳ್ಕೊಂಡು ತಕ್ಷಣ ಐಸಿಯು. ಯಾವಾಗ ಏನು ಮಾಡ್ತೀವಿ ಅನ್ನೋದು ಇದ್ದರೆ ರಾತ್ರಿ ಡ್ಯೂಟಿಯವರಿಗೂ ಅದೇ ಸ್ಲೈಡ್ ಸಾಕು.

ಇಷ್ಟೆಲ್ಲಾ ಹೊಗಳಿದ ಮೇಲೆ ಇದರ ಎಡವಟ್ಟೂ ಹೇಳಬೇಕಲ್ವಾ. ಮೀಟಿಂಗಲ್ಲಿ ಸೀನಿಯರ್ ಮೇಡಂ ಕೇಳಿದರು: "ಬರೋ ಮೊದಲು ಏನಾದ್ರೂ ಇಂಜೆಕ್ಷನ್ ತಗೊಂಡಿದ್ರಾ?" ತಗೊಂಡಿದ್ದರು! ಮೂರು ದಿನ ಡೈಕ್ಲೋಫಿನಾಕ್. ಕೇಸ್ ಶೀಟಲ್ಲಿ ಇತ್ತು, ನನ್ನ ವಾಕ್ಯಕ್ಕೆ ಸೇರಲ್ಲ ಅಂತ ನಾನೇ ಕಿತ್ತುಹಾಕಿದ್ದೆ. ಕಿಡ್ನಿಗೆ ಪೆಟ್ಟು ಬಿದ್ದಿರೋದರಲ್ಲಿ ಅದರ ಪಾಲೂ ಇರಬಹುದು, ನಿಲ್ಲಿಸಬೇಕಾದ ಔಷಧಿಗಳಲ್ಲಿ ಅದೇ ಮೊದಲು. ಒಂದು ವಾಕ್ಯ ಬರೆದ ಮೇಲೆ ಅದಕ್ಕೆ ಹೊಂದದ್ದೆಲ್ಲ ಕಸ ಅನ್ನಿಸೋಕೆ ಶುರುವಾಗುತ್ತೆ, ಈ ರೀತಿಯ ಅಪಾಯ ಅದೇ.

ಈಗ ಮೂರನೆಯದನ್ನೇ ಬಳಸ್ತೀನಿ. ಆದರೆ ಕೊನೆಗೊಮ್ಮೆ ಕೇಸ್ ಶೀಟ್ ತೆಗೆದು, ಬಿಟ್ಟ ಪ್ರತಿ ಸಾಲನ್ನೂ ಓದಿ, "ಇದು ಕ್ರಿಯಾಟಿನಿನ್ ಏರಿಸಬಹುದಾ, ಪ್ಲೇಟ್ಲೆಟ್ ಇಳಿಸಬಹುದಾ" ಅಂತ ಕೇಳ್ಕೋತೀನಿ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತೆ. ಪರೀಕ್ಷೆಯ ಲಾಂಗ್ ಕೇಸಿಗೆ ಮಾತ್ರ ಮೊದಲನೆಯದೇ ಸರಿ, ಅಲ್ಲಿ ಎಕ್ಸಾಮಿನರ್‌ಗೆ ಬೇಕಾಗಿರೋದು ನೀವು ಏನೇನು ಕೇಳಿದಿರಿ ಅನ್ನೋದು.