ವೈರ್ ಕವರ್: ಕಲಬುರಗಿ ಬೇಸಿಗೆ ದಾಟಿದ ಮೇಲೆ ನಮ್ಮ ಅನುಭವ

ಮನೆಯಲ್ಲಿ ಅಂಬೆಗಾಲಿಡುವ ಕೂಸಿದೆ, ಹಲ್ಲು ಬರುತ್ತಿರುವ ನಾಯಿಮರಿಯೂ ಇದೆ. ಇಬ್ಬರಿಗೂ ಕಂಡದ್ದೆಲ್ಲ ಬಾಯಿಗೇ ಬೇಕು. ಅದಕ್ಕೆ ಎರಡು ಥರದ ವೈರ್ ಕವರ್ ತಂದು ಬಳಸಿದೆವು.

ಮೊದಲನೆಯದು ವೈರಿಗೆ ಸುತ್ತುವ ಪ್ಲಾಸ್ಟಿಕ್ ಸುರುಳಿ. ಹಾಕೋದು ಸುಲಭ. ಆದರೆ ನಾಯಿಮರಿ ಅದರ ತುದಿ ಹುಡುಕಿ, ಕಚ್ಚಿ ಎಳೆದು, ಪೂರ್ತಿ ಬಿಚ್ಚಿಬಿಟ್ಟಿತು. ಫರಸಿ ಮೇಲೆ ಉಗುರಿನಷ್ಟು ಚೂರುಗಳು ಬಿದ್ದಿದ್ದವು, ಅವು ಕೂಸಿನ ಗಂಟಲಿಗೆ ಸಿಕ್ಕರೆ ಇನ್ನೊಂದು ಅಪಾಯ ಅಲ್ವಾ? ಟಿವಿ ಹಿಂದಿನ ವೈರ್ ಒಟ್ಟು ಮಾಡೋಕೆ ಸರಿ, ನೆಲದ ಹತ್ತಿರ ಬೇಡ.

ಎರಡನೆಯದು ಗೋಡೆಗೆ ಹಚ್ಚುವ ಪಿವಿಸಿ ಕೇಸಿಂಗ್ ಪಟ್ಟಿ. ಇದೇ ಗೆದ್ದಿತು, ಆದರೆ ಜೊತೆಗೆ ಬಂದ ಅಂಟಿನ ಟೇಪ್ ನಂಬಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಅಂಟು ಮೆತ್ತಗಾಗಿ, ಡಿಸ್ಟೆಂಪರ್ ಪುಡಿಯನ್ನೂ ಕಿತ್ತುಕೊಂಡು ಪಟ್ಟಿ ಜೋತುಬಿತ್ತು. ಜೋತುಬಿದ್ದ ಪಟ್ಟಿ ಅಂದರೆ ಕೂಸಿಗೆ ಎಳೆಯೋಕೆ ಹಿಡಿ ಕೊಟ್ಟ ಹಾಗೆ. ಆಮೇಲೆ ತಳದ ಪಟ್ಟಿಗೆ ಒಂದೂವರೆ ಅಡಿಗೊಂದು ಸ್ಕ್ರೂ ಹೊಡೆಸಿ, ವೈರ್ ಇಟ್ಟು ಮುಚ್ಚಳ ಒತ್ತಿದೆವು. ಈಗ ಅಲುಗಾಡುತ್ತಿಲ್ಲ.

ಯಾವ ವೈರ್ ಮೊದಲು ಮುಚ್ಚಬೇಕು ಅನ್ನೋದು ಮುಖ್ಯ. ಲ್ಯಾಪ್‌ಟಾಪ್ ಚಾರ್ಜರಿನಲ್ಲಿ ಗೋಡೆಯಿಂದ ಡಬ್ಬಿವರೆಗಿನ ದಪ್ಪ ವೈರಿನಲ್ಲಿ 230 ವೋಲ್ಟ್ ಇರುತ್ತದೆ, ಡಬ್ಬಿ ದಾಟಿದ ಮೇಲೆ ಸುಮಾರು 20. ಹಲ್ಲು ನಾಟಿದರೆ ಜೀವಕ್ಕೆ ಕುತ್ತು ತರುವುದು ಆ ದಪ್ಪದ್ದೇ. ಎಕ್ಸ್‌ಟೆನ್ಶನ್ ಬೋರ್ಡಿನ ವೈರೂ ಅಷ್ಟೇ. ಡಬ್ಬಿಯನ್ನು ಮಾತ್ರ ಪಟ್ಟಿಯೊಳಗೆ ತುರುಕಬೇಡಿ, ಬಿಸಿಯಾಗುತ್ತದೆ, ಗಾಳಿ ಬೇಕು.

ಮೊಬೈಲ್ ಚಾರ್ಜಿಂಗನ್ನು ಎದೆ ಎತ್ತರದ ಶೆಲ್ಫಿಗೆ ಏರಿಸಿ, ಉಳಿದ ವೈರನ್ನು ಮಡಚಿ ಕಟ್ಟಿಟ್ಟಿದ್ದೇವೆ. ಕೆಳಗೆ ಜೋತಾಡುವ ಕುಣಿಕೆ ಕುತ್ತಿಗೆಗೆ ಸಿಕ್ಕೀತು, ಅದು ಕರೆಂಟಿಗಿಂತ ಬೇರೆಯದೇ ಭಯ.

ಫೋನ್ ತೆಗೆದ ಮೇಲೆ ಚಾರ್ಜರನ್ನೂ ಗೋಡೆಯಿಂದ ಕೀಳುತ್ತೇವೆ. ಸ್ವಿಚ್ ಆಫ್ ಸಾಕಲ್ವಾ ಅಂತ ಅವ್ವ ಕೇಳಿದಳು. ನಮ್ಮ ಸ್ವಿಚ್ ಸಾಮಾನ್ಯವಾಗಿ ಒಂದೇ ತಂತಿ ಕಡಿಯುತ್ತದೆ. ವೈರಿಂಗಿನಲ್ಲಿ ಫೇಸು, ನ್ಯೂಟ್ರಲ್ ಅದಲುಬದಲಾಗಿದ್ದರೆ ಆಫ್ ಮಾಡಿದರೂ ಸಾಕೆಟ್ಟಿನಲ್ಲಿ ಕರೆಂಟ್ ಉಳಿಯುತ್ತದೆ. ಎಲೆಕ್ಟ್ರಿಷಿಯನ್ ಸ್ವಿಚ್ ಆಫ್ ಇಟ್ಟು ಟೆಸ್ಟರ್ ಹಾಕಿದಾಗ ನಮ್ಮ ಮಲಗುವ ಕೋಣೆಯ ಒಂದು ಸಾಕೆಟ್ಟಿನಲ್ಲಿ ದೀಪ ಹತ್ತಿತು, ಅವತ್ತೇ ಸರಿ ಮಾಡಿಸಿದೆವು.

ಮರಿ ವೈರ್ ಕಚ್ಚಿ ಸೆಟೆದು ನಿಂತರೆ ಕೈಯಿಂದ ಎಳೆಯಬೇಡಿ, ಮೊದಲು ಮೇನ್ ಇಳಿಸಿ. ಆಮೇಲೆ ಚೆನ್ನಾಗಿ ಓಡಾಡಿದರೂ ಡಾಕ್ಟರಿಗೆ ತೋರಿಸಿ, ಶಾಕಿನಿಂದ ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ಬಿಟ್ಟೂ ಶುರುವಾಗಬಹುದು.

ಬಾಡಿಗೆ ಮನೆಯಲ್ಲಿ ಸ್ಕ್ರೂ ಬೇಡ ಅಂದರೆ, ಭಾರದ ಅಲಮಾರಿ ಹಿಂದೆ ಬೋರ್ಡ್ ಸರಿಸಿ. ವೈರ್ ಕಾಲಡಿ ಒತ್ತಿಹೋಗದ ಹಾಗೆ ಮಾತ್ರ ನೋಡಿಕೊಳ್ಳಿ.